ಬರುವ ಟಿಕೆಟ್ ಇಲ್ಲದೆ ಹೋಗದ ಚಿಕ್ಕಪ್ಪ

ನಮ್ಮ ಆಫೀಸಿನಲ್ಲಿ ನನ್ನ ಚಿಕ್ಕಪ್ಪನಿಗೆ ‘ರಿಟರ್ನ್ ಚಿಕ್ಕಪ್ಪ’ ಅಂತ ಹೆಸರು. ಇಟ್ಟವಳು ನಾನೇ, ಅದರಲ್ಲಿ ಮುಚ್ಚುಮರೆ ಏನಿಲ್ಲ. ನಾನು ರೈಲ್ವೆ ರಿಸರ್ವೇಶನ್ ಕೌಂಟರಿನಲ್ಲಿ ಕೂರುವವಳು. ದಿನಕ್ಕೆ ನೂರಾರು ಜನ ಗಾಜಿನ ಕಿಂಡಿಗೆ ಮೂಗು ತಾಗಿಸಿ ಹೋಗುವುದಕ್ಕೆ ಟಿಕೆಟ್ ಕೇಳುತ್ತಾರೆ. ಮೊದಲು ಬರುವುದಕ್ಕೆ ಟಿಕೆಟ್ ಕೊಡು, ಹೋಗುವುದು ಆಮೇಲೆ ನೋಡೋಣ ಅನ್ನುವ ಮನುಷ್ಯ ನನ್ನ ಇಡೀ ಸರ್ವೀಸಿನಲ್ಲಿ ಒಬ್ಬನೇ. ಅವನೂ ನಮ್ಮ ಮನೆಯವನೇ ಆಗಬೇಕೆ!

ಚಿಕ್ಕಪ್ಪ ಗಡಿಯಾರ ರಿಪೇರಿ ಮಾಡುತ್ತಾನೆ. ಸ್ಟೇಷನ್ ರಸ್ತೆಯಲ್ಲಿ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಷ್ಟು ಅಂಗಡಿ, ಗೋಡೆ ತುಂಬ ಗಡಿಯಾರ, ಒಂದರ ಟೈಮು ಇನ್ನೊಂದಕ್ಕೆ ಹೊಂದುವುದಿಲ್ಲ. ಕೇಳಿದರೆ, ಸರಿ ಇರೋದನ್ನೆಲ್ಲ ಗಿರಾಕಿಗಳು ತಗೊಂಡು ಹೋದರು ಅನ್ನುತ್ತಾನೆ. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಸದಾ ಅಂಗಿಯ ಜೇಬಿನಲ್ಲಿ. ಸಾಸಿವೆಗಿಂತ ಸಣ್ಣ ಸ್ಕ್ರೂ ಕೆಳಗೆ ಬಿದ್ದರೆ ಸದ್ದಿನಲ್ಲೇ ಎಲ್ಲಿದೆ ಅಂತ ಹೇಳುತ್ತಾನೆ. ಅಂಥ ಜಾಣ, ಊರು ಬಿಡುವ ಮಾತು ಬಂದರೆ ಮಾತ್ರ ಶುದ್ಧ ಪೆದ್ದ.

ಚಿಕ್ಕಮ್ಮ ಸ್ಕೂಲ್ ಟೀಚರು. ಅವಳ ಒಬ್ಬಳೇ ಅಕ್ಕ ಇರುವುದು ರೈಲಿನಲ್ಲಿ ಒಂದಿಡೀ ಹಗಲಿನ ದೂರದಲ್ಲಿ. ಆ ಅಕ್ಕನ ಮುಖ ನೋಡಿ ಹನ್ನೊಂದು ವರ್ಷವಾಗಿತ್ತು. ಪ್ರತಿ ವರ್ಷ ರಜೆ ಬಂದಾಗ ಹೊರಡುತ್ತಾರೆ, ಅಂದರೆ ಹೊರಡುವ ಮಾತಾಡುತ್ತಾರೆ. ಒಬ್ಬಳೇ ಹೋಗುತ್ತೇನೆ ಅಂದರೆ ಚಿಕ್ಕಪ್ಪ ಅವತ್ತಿನಿಂದಲೇ ಅರ್ಧ ಊಟ ಮಾಡಲು ಶುರುಮಾಡುತ್ತಾನೆ.

ತೊಡಕು ಇರುವುದು ಇಲ್ಲಿ. ನಮ್ಮಲ್ಲಿ ಬುಕಿಂಗ್ ತೆರೆಯುವುದು ಅರವತ್ತು ದಿನ ಮೊದಲು, ಬೆಳಿಗ್ಗೆ ಎಂಟಕ್ಕೆ. ಹೋಗಿ ಹನ್ನೆರಡು ದಿನ ಬಿಟ್ಟು ಬರುವುದಾದರೆ, ಬರುವ ಟಿಕೆಟಿನ ಬುಕಿಂಗೂ ಹನ್ನೆರಡು ದಿನ ತಡವಾಗಿ ತೆರೆಯುತ್ತದೆ. ಬುದ್ಧಿ ಇದ್ದವರು ಹೋಗುವುದನ್ನು ಮೊದಲು ತೆಗೆದು, ಆಮೇಲೆ ಬರುವುದಕ್ಕೆ ಬರುತ್ತಾರೆ. ಚಿಕ್ಕಪ್ಪ ಆ ಹನ್ನೆರಡು ದಿನ ಕಾಯುತ್ತಾನೆ. ಕಾದು, ಲೈನಿನಲ್ಲಿ ಮೊದಲು ನಿಂತು, ಬರುವ ಟಿಕೆಟ್ ತೆಗೆದು, ಗೆದ್ದವನ ಮುಖ ಮಾಡಿಕೊಂಡು, ಈಗ ಹೋಗೋದಕ್ಕೆ ಕೊಡು ಅನ್ನುತ್ತಾನೆ. ಅಷ್ಟರಲ್ಲಿ ಹೋಗುವ ರೈಲು ಭರ್ತಿಯಾಗಿ ವೇಟಿಂಗ್ ಲಿಸ್ಟು ನೂರು ದಾಟಿರುತ್ತದೆ. ಹೀಗೆ ಹನ್ನೊಂದು ವರ್ಷ, ಹೋಗದೇ ಇರುವ ಊರಿನಿಂದ ವಾಪಸು ಬರುವ ಕನ್ಫರ್ಮ್ ಟಿಕೆಟ್ ತೆಗೆದು, ಮತ್ತೆ ನನ್ನ ಕೈಯಲ್ಲೇ ಕ್ಯಾನ್ಸಲ್ ಮಾಡಿಸಿದ್ದಾನೆ. ಬಡಕೊಂಡು ಹೇಳಿದ್ದೇನೆ. ಹೋಗೋದು ಕೈಗೆ ಬಂದುಬಿಟ್ಟರೆ ಹೋಗಲೇಬೇಕಾಗುತ್ತಲ್ಲೇ ಅನ್ನುತ್ತಾನೆ. ಇದಕ್ಕೆ ಏನು ಉತ್ತರ ಕೊಡುತ್ತೀರಿ?

ಈ ವರ್ಷ ಚಿಕ್ಕಮ್ಮ ರಿಟೈರ್ ಆಗುವವಳಿದ್ದಳು. ಹೋಗುವ ಬುಕಿಂಗ್ ತೆರೆದ ದಿನ ಎಂಟು ಗಂಟೆಗೆ ನೋಡಿದರೆ, ಕಿಂಡಿಯಾಚೆ ಅವಳೇ ನಿಂತಿದ್ದಾಳೆ. ಫಾರಂ ತಳ್ಳಿದಳು. ಇಬ್ಬರಿಗೂ ಸೀಟು ಸಿಕ್ಕಿತು, ಅಕ್ಕಪಕ್ಕದಲ್ಲೇ.

ಚಿಕ್ಕಪ್ಪ ಕೂಗಾಡಿದ. ನನ್ನ ಮೇಲೂ ಕೂಗಾಡಿದ, ಮನೆಯ ಹುಡುಗಿಯೇ ಹೀಗೆ ಮಾಡಬಹುದಾ ಅಂತ. ಕೊನೆಗೆ ತೀರ್ಪು ಕೊಟ್ಟ: ಬರುವುದು ಸಿಕ್ಕರೆ ಸರಿ, ಸಿಗದಿದ್ದರೆ ಹೋಗುವುದೂ ಕ್ಯಾನ್ಸಲ್. ಚಿಕ್ಕಮ್ಮ ತಲೆ ಆಡಿಸಿದಳೇ ಹೊರತು ಹೂಂ ಅನ್ನಲಿಲ್ಲ. ಮುಂದಿನ ದಿನಗಳಲ್ಲಿ ಚಿಕ್ಕಪ್ಪ ಅಂಗಡಿಯಲ್ಲಿ ಮಾಡಿದ ಕೆಲಸವೆಂದರೆ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ದಿನ ಎಣಿಸುವುದು. ಒಬ್ಬರ ಗೋಡೆ ಗಡಿಯಾರಕ್ಕೆ ಗಂಟೆಯ ಮುಳ್ಳು ಹಾಕುವುದನ್ನೇ ಮರೆತು ಕೊಟ್ಟು ಕಳಿಸಿದ. ಬುಕಿಂಗ್ ತೆರೆಯೋದು ಹನ್ನೆರಡನೆಯ ದಿನ, ತಪ್ಪೇ ಇಲ್ಲ ಅಂತ ನನಗೆ ಮೂರು ಸಲ ಫೋನ್ ಮಾಡಿ ಹೇಳಿದ.

ತಪ್ಪಿತ್ತು. ಬರುವ ರೈಲು ಅಕ್ಕನ ಊರಿಗೆ ಮೊದಲು ರಾತ್ರಿ ಹನ್ನೊಂದೂ ನಲವತ್ತಕ್ಕೆ ಬರುತ್ತಿತ್ತು. ಈ ವರ್ಷ ಟೈಮ್ ಟೇಬಲ್ ಬದಲಾಗಿ ಹನ್ನೆರಡೂ ಹತ್ತಕ್ಕೆ ಬರುತ್ತದೆ. ಅಷ್ಟರಲ್ಲಿ ತಾರೀಖು ಬದಲಾಗಿರುತ್ತದೆ. ಆದರೆ ಆ ಅರವತ್ತು ದಿನ ಲೆಕ್ಕ ಹಾಕುವುದು ನಾವು ಹತ್ತುವ ದಿನದಿಂದಲ್ಲ, ರೈಲು ತನ್ನ ಮೊದಲ ಸ್ಟೇಷನ್ ಬಿಡುವ ದಿನದಿಂದ. ಅದು ಹಿಂದಿನ ಸಂಜೆಯೇ ಬಿಟ್ಟಿರುತ್ತದೆ. ಹಾಗಾಗಿ ಬುಕಿಂಗ್ ತೆರೆಯುವುದು ಹನ್ನೊಂದನೆಯ ದಿನ. ಜೀವಮಾನವೆಲ್ಲ ಸೆಕೆಂಡು ಸರಿಮಾಡಿದ ಮನುಷ್ಯ ಅರ್ಧ ಗಂಟೆಗೆ ಮೋಸ ಹೋದ.

ಇದನ್ನು ನಾನು ಹೇಳಿದ್ದು ಚಿಕ್ಕಮ್ಮನಿಗೆ. ಅವನಿಗೂ ಹೇಳು ಅಂದೆ. ನೀನು ಬಾಯಿ ಮುಚ್ಚಿಕೊಂಡಿರು ಅಂದಳು. ಹನ್ನೊಂದನೆಯ ದಿನ ಅವಳೇ ಬಂದು ಲೈನಿನಲ್ಲಿ ನಿಂತಳು. ಫಾರಂ ನೋಡಿದರೆ ಒಂದೇ ಹೆಸರು, ಚಿಕ್ಕಪ್ಪನದು. ನಿನ್ನದು ಬರೆಯೋದು ಮರೆತೆ ಚಿಕ್ಕಮ್ಮ, ಎರಡು ಸೀಟೂ ಸಿಗುತ್ತೆ ಅಂದೆ.

“ಮರೆತಿಲ್ಲ. ಒಂದೇ ಸಾಕು” ಅಂದಳು.

ಮರುದಿನ ಚಿಕ್ಕಪ್ಪ ಲೈನಿನಲ್ಲಿ ಮೊದಲನೆಯವನು. ಬೆನ್ನ ಹಿಂದೆ ಚಿಕ್ಕಮ್ಮ, ಕೈಚೀಲ ತಬ್ಬಿಕೊಂಡು. ಎಂಟು ಹೊಡೆಯಿತು, ಫಾರಂ ಒಳಗೆ ಬಂತು. ನಾನು ಟೈಪ್ ಮಾಡಿ ಹೇಳಿದೆ: ವೇಟಿಂಗ್ ಲಿಸ್ಟ್, ಎಂಬತ್ತೇಳು, ಎಂಬತ್ತೆಂಟು. ಚಿಕ್ಕಪ್ಪ ತನ್ನ ವಾಚು ನೋಡಿದ, ಗೋಡೆಯ ಗಡಿಯಾರ ನೋಡಿದ, ಅದು ಎಂಟು ಸೆಕೆಂಡು ಹಿಂದಿದೆ ಅಂತ ನನ್ನನ್ನೇ ಬೈದ. ನಾನು ನಿನ್ನೆಯೇ ತೆರೆದದ್ದರ ಲೆಕ್ಕ ಬಿಡಿಸಿ ಹೇಳಿದೆ. ಅವನ ಮುಖ ಇಳಿದುಹೋಯಿತು. ನನಗೆ ಪಾಪ ಅನ್ನಿಸಿತು, ಸುಳ್ಳು ಹೇಳಬಾರದು.

“ಹಾಗಾದ್ರೆ ಹೋಗೋದನ್ನೂ ಕ್ಯಾನ್ಸಲ್ ಮಾಡು” ಅಂದ.

ಆಗ ಚಿಕ್ಕಮ್ಮ ಕೈಚೀಲದಿಂದ ಟಿಕೆಟ್ ತೆಗೆದು ಅವನ ಕೈಗಿಟ್ಟಳು. ಚಿಕ್ಕಪ್ಪ ಜೇಬಿನ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಟಿಕೆಟಿನ ಹಿಂದೂ ಮುಂದೂ ನೋಡಿದ.

“ಇದರಲ್ಲಿ ನಿನ್ನ ಹೆಸರೇ ಇಲ್ಲವಲ್ಲೇ.”

“ಬರೋ ಟಿಕೆಟ್ ಬೇಕು ಅಂದಿದ್ದು ನೀವು. ನಾನು ಯಾವತ್ತು ಕೇಳಿದ್ದೆ?”

“ಮತ್ತೆ ನೀನು ಬರೋದು ಯಾವಾಗ?”

“ಅಕ್ಕನ ಹತ್ರ ಮಾತು ಮುಗಿದ ಮೇಲೆ. ಹನ್ನೊಂದು ವರ್ಷದ್ದು ಬಾಕಿ ಇದೆ. ಇನ್ನು ನನಗೆ ಸ್ಕೂಲ್ ತೆರೆಯೋ ದಿನ ಅಂತ ಒಂದಿಲ್ಲ.”

ಹಿಂದೆ ನಿಂತವರು ಗೊಣಗಲು ಶುರುಮಾಡಿದರು. ಒಬ್ಬಾತ ‘ಅಜ್ಜ, ಹೆಂಡತಿ ಜೊತೆ ಮನೇಲಿ ಮಾತಾಡಿ, ನಮ್ಮದೂ ರೈಲು ಇದೆ’ ಅಂದ. ಚಿಕ್ಕಮ್ಮ ಚೀಲ ಹೆಗಲಿಗೇರಿಸಿ ಹೊರಟೇಹೋದಳು. ಚಿಕ್ಕಪ್ಪ ಟಿಕೆಟ್ ಹಿಡಿದು ಬೆಂಚಿನ ಮೇಲೆ ಕೂತ. ನಾನು ಬೇರೆಯವರ ಫಾರಂ ನೋಡುತ್ತಲೇ ಅವನ ಮೇಲೆ ಒಂದು ಕಣ್ಣಿಟ್ಟಿದ್ದೆ. ಬಯಸಿದ್ದು ಕೈಯಲ್ಲಿತ್ತು, ಕನ್ಫರ್ಮ್ ಆದದ್ದು, ಕಿಟಕಿ ಪಕ್ಕದ್ದು. ಮುಖ ನೋಡಿದರೆ ಯಾರೋ ಜೇಬು ಕತ್ತರಿಸಿದ ಹಾಗಿತ್ತು.

ಅರ್ಧ ಗಂಟೆಯಾದ ಮೇಲೆ ಎದ್ದು, ಮತ್ತೆ ಲೈನಿನ ಕೊನೆಯಲ್ಲಿ ನಿಂತ. ನಾನು ಸನ್ನೆ ಮಾಡಿ ಕರೆದರೂ ಮುಂದೆ ಬರಲಿಲ್ಲ. ಸರದಿ ಬಂದಾಗ ಒಂದು ಟಿಕೆಟನ್ನೂ ಒಂದು ಕ್ಯಾನ್ಸಲ್ ಫಾರಮನ್ನೂ ಕಿಂಡಿಯೊಳಗೆ ತಳ್ಳಿದ. ಹೋಗುವುದಾ ಅಂತ ಗಾಬರಿಯಲ್ಲಿ ಎಳೆದುಕೊಂಡೆ. ನೋಡಿದರೆ ಬರುವುದು. ಇದು ಬಿಟ್ಟರೆ ಮತ್ತೆ ಸಿಗಲ್ಲ ಚಿಕ್ಕಪ್ಪ ಅಂದೆ.

“ಗೊತ್ತು ಕಣೇ. ಅವಳಿಲ್ಲದ ಮನೆಗೆ ಬಂದು ನಾನೇನು ಮಾಡ್ಲಿ? ಅವಳು ಯಾವತ್ತು ಅಂತಾಳೋ ಅವತ್ತಿಗೇ ಇಬ್ಬರಿಗೂ ತೆಗಿ.”

ಕ್ಯಾನ್ಸಲ್ ಮಾಡಿದೆ. ಕಣ್ಣು ಮಂಜಾಗಿ ತಪ್ಪು ಕೀ ಒತ್ತಿ, ಇನ್ನೊಂದು ಸಲ ಮಾಡಬೇಕಾಯಿತು. ಚೀಟಿ ತಗೊಂಡ ಮೇಲೂ ಚಿಕ್ಕಪ್ಪ ಹೋಗಲಿಲ್ಲ. ಆಚೆ ಈಚೆ ನೋಡಿ, ಯಾರಿಗೂ ಕೇಳಬಾರದು ಅನ್ನುವಂತೆ ಗಾಜಿಗೆ ಬಾಯಿ ಹತ್ತಿರ ತಂದ.

“ಅಲ್ವೇ, ಬರೋ ಟಿಕೆಟ್ ಇಲ್ಲದವರನ್ನ ರೈಲಿಗೆ ಹತ್ತಿಸ್ಕೊಳ್ತಾರಾ?”