ಭೋಗ್ಯಕ್ಕೆ ಕೊಟ್ಟ ನಾಲ್ಕು ಲಕ್ಷ

ನಿರ್ಮಲಮ್ಮನಿಗೆ ಬೇಕಾಗಿದ್ದು ಯಾರೂ ಎಬ್ಬಿಸಿ ಕಳಿಸಲಾಗದಂಥ ಒಂದು ಸೂರು, ಅಷ್ಟೇ. ಹರಿಹರದ ಕಾರ್ಖಾನೆಯಲ್ಲಿದ್ದ ಗಂಡ ನೌಕರಿಯಲ್ಲಿರುವಾಗಲೇ ತೀರಿಕೊಂಡ. ಮಕ್ಕಳಿರಲಿಲ್ಲ. ಪಿಎಫ್ಫು, ಗ್ರಾಚುಟಿ ಎಲ್ಲ ಸೇರಿ ಮೂರು ಲಕ್ಷ ಕೈಗೆ ಬಂತು, ಕ್ವಾರ್ಟರ್ಸ್ ಬಿಡಿ ಅಂತ ನೋಟೀಸೂ ಬಂತು. ಅದು ಎರಡು ಸಾವಿರದ ಒಂಬತ್ತು. ತೊಗರಿಬೇಳೆ ಕಿಲೋಗೆ ನೂರರ ಹತ್ತಿರ ಹೋಗಿ, ಜನ ತಿಳಿಸಾರು ಕುಡಿಯೋದು ಕಲಿತ ವರ್ಷ.

ಅದೇ ಕ್ವಾರ್ಟರ್ಸ್ ಸಾಲಿನ ಕಾಟಮ್ಮನೂ ಗಂಡನನ್ನು ಕಳೆದುಕೊಂಡವಳೇ. ಅವಳು ಊರ ಹೊರಗಿನ ಗುತ್ತೂರಿನಲ್ಲಿ ಶೀಟಿನ ಮನೆ ಕೊಳ್ಳಲು ಹೊರಟಿದ್ದಳು.

"ಬಾರೇ ನಿಮ್ಮಿ, ಪಕ್ಕದ ಮನೀನೂ ಮಾರಾಕ ಐತೆ. ನಾಕು ಲಕ್ಷ ಅಂತೆ" ಅಂದಳು.

ನಿರ್ಮಲಮ್ಮನಿಗೆ ಮನಸ್ಸಾಯಿತು. ಆದರೆ ದಾವಣಗೆರೆಯ ಅಕ್ಕಿ ವ್ಯಾಪಾರಿ ನಾಗರಾಜಪ್ಪ ಬಂದು ಕೂತ. ಒಡಹುಟ್ಟಿದ ಅಣ್ಣ.

"ಆ ಬಯಲಾಗ ಒಬ್ಬಾಕಿ ಹೆಂಗೆ ಇರ್ತಿ? ಸರಸ್ವತಿ ನಗರದಾಗ ನನ್ನ ಮನಿ ಕೆಳಗಿಂದು ಖಾಲಿ ಐತೆ. ನಾಕು ಲಕ್ಷ ಭೋಗ್ಯಕ್ಕ ಹಾಕು. ಬಾಡಿಗಿ ಬ್ಯಾಡ. ಬಿಡೋ ದಿನ ನಾಕು ಲಕ್ಷನೂ ವಾಪಸ್, ಒಂದು ಪೈಸಾ ಕಮ್ಮಿ ಇಲ್ದಂಗ."

ಅಣ್ಣನಲ್ಲವೇ, ನಂಬಿದಳು. ಸಾಲದ್ದಕ್ಕೆ ಬಳೆ, ಸರ ಎಲ್ಲ ಮಾರಿದಳು. ತೊಲಕ್ಕೆ ಹದಿನೈದು ಸಾವಿರದಂತೆ ಏಳು ತೊಲಕ್ಕೆ ಲಕ್ಷ ಚಿಲ್ಲರೆ ಬಂತು.

ಒಂದು ಪೈಸೆ ಕಮ್ಮಿ ಇಲ್ಲವಂತೆ! ಅಯ್ಯೋ ಪುಣ್ಯಾತ್ಮ, ಬೆಲೆ ವರ್ಷ ವರ್ಷ ನೂರಕ್ಕೆ ಒಂಬತ್ತು, ಹತ್ತು ಏರುವ ಕಾಲದಲ್ಲಿ ಅಷ್ಟಕ್ಕಷ್ಟೇ ವಾಪಸ್ ಕೊಡುವುದೆಂದರೆ ಒಂದು ದೊಡ್ಡ ಪಾಲು ತಿಂದು ಕೊಟ್ಟ ಹಾಗೆ. ಇದು ಆ ವ್ಯಾಪಾರಿಗೆ ಗೊತ್ತಿರಲಿಲ್ಲವೆಂದು ನಂಬಲು ನನ್ನ ಕಿವಿಗೇನೂ ಹೂವಿಟ್ಟಿಲ್ಲ. ಅವನ ಸ್ವಂತ ದುಡ್ಡು ಒಂದು ದಿನ ನೋಟಾಗಿ ಮಲಗಿದ್ದಿಲ್ಲ. ಅಕ್ಕಿ ಚೀಲವಾಗಬೇಕು, ಇಲ್ಲ ಬಂಗಾರವಾಗಬೇಕು, ಇಲ್ಲ ನೆಲವಾಗಬೇಕು. ತಂಗಿಯ ನಾಲ್ಕು ಲಕ್ಷದಲ್ಲಿ ಅದೇ ತಿಂಗಳು ಹಿಂದಿನ ರಸ್ತೆಯ ಮೂಲೆ ಸೈಟು ಕೊಂಡ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ ಮುಗಿಸಿದ.

ನಿರ್ಮಲಮ್ಮ ಬಟ್ಟೆ ಹೊಲಿದುಕೊಂಡು ಸುಖವಾಗಿಯೇ ಇದ್ದಳು. ಬಾಡಿಗೆ ಇಲ್ಲ ಅಂತ ಕಂಡವರಿಗೆಲ್ಲ ಹೇಳಿದಳು. ಮಧ್ಯೆ ಒಂದು ವರ್ಷ ಬಂಗಾರ ಇಳಿದಾಗ, "ನೋಡಿದ್ಯಾ, ಇಟ್ಕೊಂಡಿದ್ರೆ ಎದಿ ಒಡ್ಕಂತಿದ್ದಿ" ಎಂದು ಅಣ್ಣ ನಕ್ಕ, ಅವಳೂ ನಕ್ಕಳು. ಇಳಿದ ಮೇಲೂ ಅದು ಅವಳು ಮಾರಿದ ಬೆಲೆಯ ಹತ್ತಿರ ಹತ್ತಿರ ಎರಡರಷ್ಟಿತ್ತು. ಅದನ್ನು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ.

ಐದು ವರ್ಷವಾದ ಮೇಲೆ ನಾಗರಾಜಪ್ಪ ಮಗನ ಮದುವೆ ಗೊತ್ತು ಮಾಡಿದ. ಕೆಳಗಿನ ಮನೆ ಮಗ ಸೊಸೆಗೆ ಬೇಕು. ಹೆಂಡತಿ ಆಶಾರಾಣಿಯ ಮುಂದೆಯೇ ನಾಲ್ಕು ಲಕ್ಷ ತಂದಿಟ್ಟ. ಮಾತಿಗೆ ತಪ್ಪಲಿಲ್ಲ.

ದುಡ್ಡು ಹಿಡಿದು ನಿರ್ಮಲಮ್ಮ ಮನೆ ಹುಡುಕಿದಳು. ಅದೇ ಬೀದಿಯಲ್ಲಿ ಅಂಥದೇ ಮನೆಗೆ ಭೋಗ್ಯ ಎಂಟು ಲಕ್ಷ. ಗುತ್ತೂರಿಗೆ ಹೋದರೆ ಆಗ ನಾಲ್ಕು ಲಕ್ಷಕ್ಕಿದ್ದ ಕಾಟಮ್ಮನ ಪಕ್ಕದ ಮನೆಯ ಕ್ರಯ ಈಗ ಹನ್ನೆರಡು. ಗಂಡನ ಜೊತೆ ಕೆಲಸ ಮಾಡಿದ್ದ ಶಿವಮೂರ್ತಪ್ಪ ಅಲ್ಲೇ ಸಿಕ್ಕ. ಅವನು ಐದು ವರ್ಷದ ಹಿಂದೆ ನಾಲ್ಕು ಲಕ್ಷ ಎಫ್.ಡಿ. ಇಟ್ಟು, ಬಡ್ಡಿ ಮುಟ್ಟದೆ ಬೆಳೆಸಿದ್ದ.

"ಆರು ಲಕ್ಷ ಆತವ್ವ. ಆದ್ರ ಏನ್ ಬಂತು, ಆಗ ನಾಕಕ್ಕ ಬರ್ತಿದ್ದ ಸಾಮಾನಿಗೆ ಈಗ ಆರು ಬೇಕು. ಮ್ಯಾಲೆ ಬಡ್ಡಿಗೆ ಟ್ಯಾಕ್ಸ್ ಬ್ಯಾರೆ. ನಾ ಇದ್ದಲ್ಲೇ ಅದೀನಿ."

ಇದ್ದಲ್ಲೇ ಇರುವುದೂ ಅವಳ ಹಣೆಯಲ್ಲಿ ಬರೆದಿರಲಿಲ್ಲ. ನಾಲ್ಕು ಲಕ್ಷ ಬ್ಯಾಂಕಿಗೆ ಹಾಕಿದರೆ ತಿಂಗಳಿಗೆ ಮೂರು ಸಾವಿರ ಬಡ್ಡಿ; ಬಾಡಿಗೆ ಕೇಳಿದಲ್ಲೆಲ್ಲ ಐದು ಸಾವಿರ, ವರ್ಷಕ್ಕೊಮ್ಮೆ ಏರಿಕೆ. ಬಡ್ಡಿ ಏರುವುದಿಲ್ಲ. ದಾವಣಗೆರೆಯಲ್ಲಿ ಬಸ್ಸಿಳಿದಳು. ಸೀದಾ ಅಣ್ಣನೆದುರು ನಿಂತಳು.

"ನನ್ನ ದುಡ್ಡಾಗ ಸೈಟ್ ತಗೊಂಡಿ, ಅಣ್ಣ. ಅದ್ರಾಗ ಒಂದು ಮೂಲಿ ಕೊಡು."

"ನಿನ್ನ ದುಡ್ಡು ನಿನ್ನ ಕೈಯಾಗ ಐತಲ್ಲ? ಸೈಟು ನನ್ನ ನಸೀಬು. ಐದು ವರ್ಷ ಪುಕ್ಕಟೆ ಇದ್ದಿ, ಅದನ್ಯಾಕ ಲೆಕ್ಕಕ್ಕ ಹಿಡಿಯಲ್ಲ?" ಎಂದು ನಾಗರಾಜಪ್ಪ ತಣ್ಣಗೆ ಹೇಳಿದ. ಆಮೇಲೆ, "ಹಿಂದ್ಗಡೆ ಖಾಲಿ ಚೀಲ ಇಡೋ ರೂಮ್ ಐತೆ. ಬೇಕಾದ್ರ ಭೋಗ್ಯಕ್ಕ ಇರು. ನಾಕು ಲಕ್ಷ" ಅಂದ.

ಮನೆ ಹೋಗಿ ಕೋಣೆಯಾಯಿತು. ಮತ್ತೆ ಐದು ವರ್ಷಕ್ಕೆ ಈ ದುಡ್ಡಿಗೆ ಕೋಣೆಯೂ ಸಿಗುವುದಿಲ್ಲವೆಂದು ಈಗ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದು ಏನು ಮಾಡುತ್ತಾಳೆ? ಬಂಗಾರ ಕೊಂಡು ಅದರ ಕೆಳಗೆ ಮಲಗಲಾಗುತ್ತದೆಯೇ?

"ಇದನ್ನೂ ಬಿಡು ಅಂದಾಗ ನಾ ಎಲ್ಲಿಗೆ ಹೋಗ್ಲಿ?" ಎಂದು ಕೇಳಿದಳು.

"ಆಗಿಂದ ಆಗ ನೋಡಿದ್ರಾತು" ಅಂದ ನಾಗರಾಜಪ್ಪ.

ನಿರ್ಮಲಮ್ಮ ಕರಾರಿಗೆ ಸಹಿ ಹಾಕಿ ದುಡ್ಡು ಮುಂದಿಟ್ಟಳು. ನಲ್ಲಿ ನೀರು ಹೊಸ ಸೊಸೆ ಹಿಡಿದಾದ ಮೇಲೆ ಹಿಡಿದುಕೋ ಎಂದು ಆಶಾರಾಣಿ ಒಳಗಿನಿಂದಲೇ ಹೇಳಿದಳು.