ಆ ಮುಗಿಲಿನ ಪರವಾನಗಿ

ಶಿಗ್ಲಿಯ ಹತ್ತಿ ವ್ಯಾಪಾರಿಯೊಬ್ಬರು ಹೋದ ವರ್ಷ ತೀರಿಕೊಂಡಾಗ ಗೋಡೆಗೆ ಹಾಕುವ ದೊಡ್ಡ ಫೋಟೊ ಮಾಡಿಕೊಟ್ಟವನು ನಾನು. ನನಗೆ ಸ್ಟುಡಿಯೊ ಇಲ್ಲ. ಬೆಟಗೇರಿಯ ನಮ್ಮ ಮನೆಯ ಮಾಳಿಗೆ ಕೋಣೆಯೇ ನನ್ನ ಅಂಗಡಿ. ನಮ್ಮ ಕಡೆ ಹೋದವರ ಫೋಟೊಗೆ ಹಿಂದೆ ಮೋಡ ಬೇಕೇ ಬೇಕು. ಯಜಮಾನರ ಗುರುತಿನ ಚೀಟಿಯ ಚಿತ್ರವನ್ನು ದೊಡ್ಡದು ಮಾಡಿ, ಕಾಲರ್ ಸರಿಪಡಿಸಿ, ಹಿಂದೆ ನಸುಗುಲಾಬಿ ಬಣ್ಣದ ಒಂದು ಮುಗಿಲು ಹಾಸಿದ್ದೆ. ಅದು ನಾನು ತೆಗೆದ ಮುಗಿಲಲ್ಲ. ಚಿತ್ರಗಳನ್ನು ಒದಗಿಸುವ ಏಜೆನ್ಸಿಯೊಂದಕ್ಕೆ ಆಗ ತಿಂಗಳ ಚಂದಾ ಕಟ್ಟುತ್ತಿದ್ದೆ, ಅಲ್ಲಿಂದ ಇಳಿಸಿಕೊಂಡದ್ದು. ಆಮೇಲೆ ಚಂದಾ ನಿಲ್ಲಿಸಿದೆ. ಇಳಿಸಿಕೊಂಡ ಮೋಡಗಳೆಲ್ಲ ಕಂಪ್ಯೂಟರಿನಲ್ಲಿ ಹಾಗೇ ತೇಲುತ್ತಿದ್ದವು.

ವರ್ಷದ ಕಾರ್ಯ ಹತ್ತಿರ ಬಂದಾಗ ಅವರ ಮಗ ನನ್ನನ್ನು ಶಿಗ್ಲಿಗೆ ಕರೆಸಿದ. ಅಕ್ಕ-ತಂಗಿಯರಿಗೆ ಅಪ್ಪನ ಫೋಟೊದ ಪ್ರತಿಗಳು ಬೇಕಂತೆ. ಮಾತು ಮುಗಿಯುವಷ್ಟರಲ್ಲಿ ಅವನ ತಾಯಿ ಒಳಗಿನಿಂದ ಬಂದು ಕುಳಿತರು.

“ತಮ್ಮಾ, ನನ್ನೂ ಅವರ ಬಾಜೂಕ ಕುಂಡ್ರಿಸು. ನಾವಿಬ್ರೂ ಕೂಡಿ ತೆಗಿಸಿದ್ದು ಒಂದು ಫೋಟೊನೂ ಇಲ್ಲ.”

“ಯವ್ವಾ, ಜೀವ ಇದ್ದವ್ರ ಹಿಂದ ಯಾರರ ಮೋಡ ಹಾಕ್ತಾರೇನು?” ಎಂದು ಮಗ ಗದರಿದ.

“ಸುಮ್ನಿರಲೇ. ಅವರು ಆ ಮುಗಿಲಾಗ ಅದಾರ. ನಾ ಬ್ಯಾರೆ ಮುಗಿಲಿಗೆ ಹೋಗ್ಲೇನು?”

ನಾನು ಆಗಲಿ ಎಂದುಬಿಟ್ಟೆ. ದಾರಿಯಲ್ಲಿ ಅನುಮಾನ ಶುರುವಾಯಿತು. ಚಂದಾ ನಿಂತ ಮೇಲೆ ಆ ಮುಗಿಲು ಇನ್ನೂ ನನ್ನದೇ? ನನ್ನ ಸೂರ್ಯಕಾಂತಿ ಹೊಲದ ಚಿತ್ರವನ್ನು ಮುಂಡರಗಿಯ ಅಂಗಡಿಯೊಂದು ಕೇಳದೆ ಬ್ಯಾನರ್ ಮಾಡಿಸಿದಾಗ ಬಜಾರಿನಲ್ಲೇ ನಿಂತು ಜಗಳ ತೆಗೆದವನು ನಾನು. ಈಗ ಇನ್ನೊಬ್ಬರ ಮುಗಿಲನ್ನು ಜೇಬಿಗಿಳಿಸಲು ಮನಸ್ಸು ಒಪ್ಪಲಿಲ್ಲ. ಏಜೆನ್ಸಿಗೆ ಬರೆದೆ: ‘ಚಂದಾ ಇದ್ದಾಗ ಇಳಿಸಿಕೊಂಡ ಚಿತ್ರಗಳ ಪರವಾನಗಿ ಚಂದಾ ಮುಗಿದ ಮೇಲೂ ಉಳಿಯುತ್ತದೆಯೇ? ಇದೇ ಮುಗಿಲಿನಲ್ಲಿ ಒಬ್ಬರು ಈಗಾಗಲೇ ಇದ್ದಾರೆ. ಅವರ ಹೆಂಡತಿಯನ್ನೂ ಸೇರಿಸಬಹುದೇ?’ ಎರಡನೆಯ ಪ್ರಶ್ನೆ ಓದಿದವರು ನನ್ನನ್ನು ಹುಚ್ಚ ಎಂದುಕೊಂಡಿರಬೇಕು.

ಉತ್ತರಕ್ಕೆ ಕಾಯುತ್ತ ನಾನು ಅರ್ಧ ಎಚ್ಚರ ಅರ್ಧ ನಿದ್ದೆಯಲ್ಲಿದ್ದಂತೆ ತಿರುಗಾಡಿದೆ. ಲಕ್ಷ್ಮೇಶ್ವರದಲ್ಲಿ ಮದುವೆಯ ಫೋಟೊ ತೆಗೆಯುತ್ತಲೂ ಕಣ್ಣು ಮೇಲಕ್ಕೇ ಹೋಗುತ್ತಿತ್ತು. ಮಲ್ಲಸಮುದ್ರದ ಹೊಲಗಳ ಮೇಲೆ ಮೋಡಗಳು ಮೆಲ್ಲಗೆ ಬಿಚ್ಚಿಕೊಳ್ಳುತ್ತಿದ್ದವು, ಒಂದೊಂದರಲ್ಲೂ ಯಾರೋ ಇಬ್ಬರು ಕುಳಿತಂತೆ ಕಾಣುತ್ತಿತ್ತು. ಇರಲಿ ಎಂದು ಅಲ್ಲೇ ಒಂದು ಮುಗಿಲನ್ನು ತೆಗೆದಿಟ್ಟುಕೊಂಡೆ.

ಉತ್ತರ ಬಂತು. ಚಂದಾ ಇದ್ದಾಗ ಚಿತ್ರವನ್ನು ಬಳಸಿ ಮುಗಿಸಿದ ಕೆಲಸಕ್ಕೆ ಪರವಾನಗಿ ಎಂದಿಗೂ ಹೋಗುವುದಿಲ್ಲ, ಅದರ ಪ್ರತಿಗಳನ್ನು ತೆಗೆಯಬಹುದು. ಆದರೆ ನಾನು ಪಡೆದಿದ್ದ ಯೋಜನೆಯ ಪ್ರಕಾರ ಹೊಸ ಕೆಲಸಕ್ಕೆ ಚಾಲ್ತಿಯಲ್ಲಿರುವ ಚಂದಾ ಬೇಕು, ಚಿತ್ರವನ್ನು ಮತ್ತೆ ಇಳಿಸಿಕೊಳ್ಳಬೇಕು. ಒಬ್ಬರ ಜಾಗದಲ್ಲಿ ಇಬ್ಬರಾದರೆ ಅದು ಹೊಸ ಕೆಲಸವೇ. ಮತ್ತೆ ಚಂದಾ ಕಟ್ಟಿದರಾಯಿತು ಎಂದುಕೊಳ್ಳುವಷ್ಟರಲ್ಲಿ ಕೊನೆಯ ಸಾಲು ಕಂಡಿತು. ಆ ಚಿತ್ರ ತೆಗೆದವರು ಅದನ್ನು ವಾಪಸ್ ಪಡೆದಿದ್ದಾರೆ, ಈಗ ಅದು ಯಾರಿಗೂ ಸಿಗದು. ಎಲ್ಲಿಯ ಯಾವ ಛಾಯಾಗ್ರಾಹಕನೋ, ತನ್ನ ಮುಗಿಲನ್ನು ಮಡಚಿ ಒಳಗಿಟ್ಟುಕೊಂಡಿದ್ದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಅದಕ್ಕೂ ನನಗೆ ಮುಖವಿರಲಿಲ್ಲ.

ಹೆಣ್ಣುಮಕ್ಕಳ ಪ್ರತಿಗಳನ್ನು ಹಿಡಿದು ಶಿಗ್ಲಿಗೆ ಹೋದೆ. ಅವರ ತಾಯಿಗೆ ನನ್ನ ಮಲ್ಲಸಮುದ್ರದ ಮುಗಿಲನ್ನು ಮೊಬೈಲಿನಲ್ಲಿ ತೋರಿಸಿ, “ಅವ್ವಾರ, ಇಬ್ರನ್ನೂ ಇದರಾಗ ಕುಂಡ್ರಿಸ್ತೇನ್ರಿ” ಎಂದೆ.

ಅವರು ಕಣ್ಣು ಕಿರಿದು ಮಾಡಿ ನೋಡಿದರು. “ಇದು ದಿನಾ ನೋಡೋ ಮುಗಿಲು. ಅವರಿರೋದು ಇದಲ್ಲ.”

“ಅದು ಸಿಗೂದಿಲ್ರಿ. ಅದರ ಮಾಲಕ್ರು ವಾಪಸ್ ತಗೊಂಡಾರ. ಯಜಮಾನ್ರು ಮೊದ್ಲೇ ಕುಂತಾರ, ಅವರನ್ನ ಯಾರೂ ಎಬ್ಬಸೂದಿಲ್ಲ. ಹೊಸಬ್ರಿಗೆ ಮಾತ್ರ ಜಾಗ ಇಲ್ಲ.”

ಹೇಳುತ್ತಿರುವಾಗಲೇ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಮಗ ತಲೆ ತಗ್ಗಿಸಿದ. ಆಕೆ ಎದ್ದು ಗೋಡೆಯ ಫೋಟೊದ ಮುಂದೆ ಹೋಗಿ ನಿಂತರು. ಹೊರಗೆ ಹತ್ತಿಯ ಗಾಡಿ ಇಳಿಸುವವರ ಗದ್ದಲವಿತ್ತು.

“ಹಂಗಾರ ಅವರನ್ನ ಕೆಳಗ ಇಳಸು,” ಎಂದರು.

“ಏನ್ರಿ?”

“ಮ್ಯಾಲ ನನಗ ಜಾಗ ಇಲ್ಲಂದ್ರ ಅವರೇ ಇಲ್ಲಿ ಬರ್ಲಿ. ಕಟ್ಟಿ ನಮ್ದೈತಿ, ಗೋಡಿ ನಮ್ದೈತಿ. ಇದಕ್ಕ ಯಾರನ್ನ ಕೇಳ್ಬೇಕು?”

ಮೋಡವಿಲ್ಲದ ಯಜಮಾನರನ್ನು ನಾನು ಕಲ್ಪಿಸಿಕೊಂಡೇ ಇರಲಿಲ್ಲ. ಸಂಜೆಯ ಬಿಸಿಲು ಮನೆಯ ಮುಂದಿನ ಕಟ್ಟೆಯ ಮೇಲೆ ಜೇನಿನಂತೆ ಹರಡಿತ್ತು. ಆಕೆ ಸೀರೆ ಬದಲಿಸಿ ಬಂದು ಕುಳಿತರು. ಯಜಮಾನರನ್ನು ಆಮೇಲೆ ಕೂಡಿಸಲು ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಬಿಡಲು ಹೇಳಿದೆ. ಸರಿದು, ಆ ಜಾಗದ ದೂಳನ್ನು ಅಂಗೈಯಿಂದ ಒರೆಸಿದರು.

ನಾನು ಕ್ಯಾಮೆರಾಗೆ ಕಣ್ಣಿಟ್ಟೆ. ಅವರು ತಲೆಯ ಮೇಲೆ ಸೆರಗು ಎಳೆದುಕೊಂಡು, ಖಾಲಿ ಜಾಗದತ್ತ ತಿರುಗಿ, ನನಗೆ ಕೇಳಿಸೀತೆಂಬ ನಾಚಿಕೆಯಿಂದ ಮೆಲ್ಲಗೆ ಅಂದರು: “ಬರ್ರಿ, ಕುಂಡ್ರಿ.”