ಖಾನಾಪುರಕ್ಕೆ ಬರೆದ ವಿನಯದ ಪತ್ರ

ನಮ್ಮ ದೊಡ್ಡವ್ವ ಶಿವಬಸವ್ವ ಯಾರಿಗೂ ಒರಟಾಗಿ ‘ಒಲ್ಲೆ’ ಎಂದವಳಲ್ಲ. ಅದೇ ಅವಳಿಗೆ ಮುಳುವಾಯಿತು ಎಂದು ನಾನು ಈಗಲೂ ಸಿಟ್ಟಿಗೇಳುತ್ತೇನೆ.

೧೯೭೮ರಲ್ಲಿ ಖಾನಾಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗುಮಾಸ್ತೆಯ ಜಾಗಕ್ಕೆ ಅವಳ ಹೆಸರು ಮೊದಲು ಬಂತು. ಎರಡನೆಯ ಹೆಸರು ಮಾಯಕ್ಕನದು. ಬೆಳಗಾವಿಯ ಟೈಪಿಂಗ್ ಕ್ಲಾಸಿನಲ್ಲಿ ಇಬ್ಬರದೂ ಬಾಜು ಬಾಜು ಯಂತ್ರ, ಒಂದೇ ಬುತ್ತಿ. ಹದಿನೈದು ದಿನದೊಳಗೆ ಒಪ್ಪಿಗೆ ತಿಳಿಸಿ ಎಂದು ಶಾಲೆಯ ಪತ್ರ ಬಂತು. ಸರ್ಕಾರಿ ಅನುದಾನದ ಸಂಬಳ, ಮುಂದೆ ಪಿಂಚಣಿ. ಆದರೆ ಬೆಳಗಾವಿ ಹತ್ತಿರದ ಕಾಕತಿಯ ಮನೆಯಲ್ಲಿ ಕಣ್ಣು ಕಾಣದ ತಾಯಿ ನಿಂಗವ್ವ ಒಬ್ಬಳೇ. ಅವಳನ್ನು ಬಿಟ್ಟು ಖಾನಾಪುರದಲ್ಲಿ ಬಾಡಿಗೆ ಖೋಲಿ ಹಿಡಿಯುವುದು ಹೇಗೆ?

ಆಗ ಮಾಯಕ್ಕನೇ ದಾರಿ ತೋರಿಸಿದಳು. ಅವಳ ಸೋದರಮಾವ ದುಂಡಪ್ಪನಿಗೆ ಬೆಳಗಾವಿಯಲ್ಲಿ ಸಣ್ಣ ಕಾರ್ಖಾನೆ. ಅಲ್ಲಿ ಟೈಪಿಸ್ಟ್ ಬೇಕಂತೆ, ಸಂಜೆ ಮನೆ ಸೇರಬಹುದಂತೆ. ನೀನೇ ಯಾಕೆ ಹೋಗಬಾರದು ಎಂದರೆ, ಮಾವನ ಕೈಕೆಳಗೆ ದುಡಿಯುವುದು ತನಗೆ ಒಗ್ಗದು ಎಂದಳು. ನೇಮಕದ ಕಾಗದವೂ ಬಂತು. ಮೊದಲ ಮೂರು ತಿಂಗಳು ಪರೀಕ್ಷೆಯ ಅವಧಿ ಎಂದು ಅದರಲ್ಲಿತ್ತು. ಎಲ್ಲ ಕಡೆ ಹೀಗೇ ಬರೆಯುತ್ತಾರೆ ಎಂದಳು ಮಾಯಕ್ಕ.

ದೊಡ್ಡವ್ವ ಸಹಿ ಹಾಕಿದಳು. ಅಂದೇ ಶಾಲೆಗೂ ಬರೆದಳು: “ನನ್ನನ್ನು ಆಯ್ಕೆ ಮಾಡಿದ್ದಕ್ಕೆ ಆಭಾರಿಯಾಗಿದ್ದೇನೆ. ಬೆಳಗಾವಿಯಲ್ಲಿ ಬೇರೊಂದು ನೌಕರಿಯನ್ನು ಒಪ್ಪಿಕೊಂಡಿರುವುದರಿಂದ ತಮ್ಮಲ್ಲಿ ಸೇರಲಾಗುತ್ತಿಲ್ಲವೆಂದು ವಿಷಾದದಿಂದ ತಿಳಿಸುತ್ತೇನೆ.” ಅಷ್ಟಕ್ಕೇ ನಿಲ್ಲಿಸಬಾರದೇ? ಪಟ್ಟಿಯಲ್ಲಿ ನನ್ನ ನಂತರದವಳು ಶ್ರದ್ಧೆಯ ಹುಡುಗಿ, ದಯವಿಟ್ಟು ಪರಿಗಣಿಸಿ ಎಂದೂ ತಾನಾಗಿಯೇ ಸೇರಿಸಿ ರಿಜಿಸ್ಟರ್ ಅಂಚೆಗೆ ಹಾಕಿದಳು.

ಮೂರು ತಿಂಗಳು ತುಂಬಿದ ದಿನ ದುಂಡಪ್ಪ ಅವಳನ್ನು ಕರೆದು, ಕೆಲಸ ಕಡಿಮೆಯಾಗಿದೆ, ನಾಳೆಯಿಂದ ಬರಬೇಡ ಎಂದ.

ಆ ಜಾಗ ಇನ್ನೂ ಖಾಲಿ ಇರಬಹುದೇ ಎಂದು ದೊಡ್ಡವ್ವ ಮರುದಿನವೇ ಖಾನಾಪುರದ ಬಸ್ಸು ಹತ್ತಿದಳು. ಹೆಡ್‌ಮಾಸ್ತರ ಉಳವಪ್ಪನವರು ಅವಳ ಪತ್ರವನ್ನು ಫೈಲಿನಿಂದ ತೆಗೆದು ತೋರಿಸಿದರು. ಎರಡನೆಯವಳ ಟೈಪಿಂಗ್ ವೇಗ ಸಾಲದು, ಮತ್ತೆ ಜಾಹೀರಾತು ಕೊಡೋಣ ಎಂದು ಕಮಿಟಿಯವರು ಹೇಳಿದ್ದರಂತೆ. ಈ ಪತ್ರ ಓದಿ ಮನಸ್ಸು ಬದಲಿಸಿದರಂತೆ. “ನಿಮ್ಮ ಮಾತಿನ ಮ್ಯಾಲೇ ತಗೊಂಡೇವ್ರಿ,” ಎಂದರು ಅವರು, ಉಪಕಾರ ನೆನೆಯುವ ದನಿಯಲ್ಲಿ.

ಹೊರಗಿನ ಕೋಣೆಯಲ್ಲಿ ಮಾಯಕ್ಕ ಹೊಸ ಗುಮಾಸ್ತೆಯಾಗಿ ಕೂತಿದ್ದಳು. ಇವಳನ್ನು ನೋಡಿ ಎದ್ದು ನಿಂತಳು. ಮಾವ ಕೆಲಸದಿಂದ ತೆಗೆದ ಸುದ್ದಿ ಹೇಳಿದರೆ ಅವಳ ಮುಖದಲ್ಲಿ ಆಶ್ಚರ್ಯವೇ ಇಲ್ಲ. “ನಿನಗ ಮೊದಲ ಗೊತ್ತಿತ್ತೇನ?” ಎಂದು ಕೇಳಿದಳು ದೊಡ್ಡವ್ವ.

“ಮಾವಗ ಟೈಪಿಸ್ಟ್ ಬೇಕಾಗಿದ್ದಿಲ್ಲ, ಮೂರು ತಿಂಗಳರೆ ಇಟ್ಕೋ ಅಂತ ನಾನ ಕೈ ಮುಗದಿದ್ದೆ,” ಎಂದಳು ಮಾಯಕ್ಕ, ತಲೆ ತಗ್ಗಿಸಿ. “ನನಗೂ ನೌಕರಿ ಬೇಕಾಗಿತ್ತು, ಶಿವಿ. ಬಾಯಿಬಿಟ್ಟು ಕೇಳಿದ್ರ ನೀ ಈ ಜಾಗ ಬಿಟ್ಟುಕೊಡ್ತಿದ್ದೇನ?”

ದೊಡ್ಡವ್ವನಿಗೆ ಸುಳ್ಳು ಹೇಳಲು ಆಗಲೂ ಬರಲಿಲ್ಲ.

“ಇಲ್ಲ, ಕೊಡ್ತಿರಲಿಲ್ಲ,” ಎಂದಳು. “ಆದ್ರ ನಿನ್ನ ಮ್ಯಾಲಿನ ನಂಬಿಕಿ ಉಳೀತಿತ್ತು.”